ಸಂದರ್ಶನ ದೃಶ್ಯದ ಚೌಕಟ್ಟು: ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ

ಒಬ್ಬರು ಕೂತು ಮಾತಾಡುವುದನ್ನು ಕ್ಯಾಮೆರಾದಲ್ಲಿ ಹಿಡಿಯುವವರು ಮಾತು ಶುರುವಾಗುವ ಮೊದಲೇ ಮೂರು ವಿಷಯ ತೀರ್ಮಾನಿಸಿರಬೇಕು. ತಲೆಯ ಮೇಲೆ ಎಷ್ಟು ಜಾಗ ಬಿಡಬೇಕು, ಮಾತಾಡುವವರ ನೋಟ ಯಾವ ಕಡೆ ಹೋಗಬೇಕು, ಮುಖ ಫ್ರೇಮಿನ ಯಾವ ಭಾಗದಲ್ಲಿ ಬರಬೇಕು. ಛಾಯಾಗ್ರಾಹಕರ ಮಾತಿನಲ್ಲಿ ಮೊದಲನೆಯದು ಹೆಡ್‌ರೂಮ್, ಎರಡನೆಯದು ಐಲೈನ್, ಮೂರನೆಯದಕ್ಕೆ ಆಧಾರ ರೂಲ್ ಆಫ್ ಥರ್ಡ್ಸ್, ಅಂದರೆ ಮೂರು ಪಾಲಿನ ನಿಯಮ. ಕೈಪಿಡಿಗಳಲ್ಲಿ ಈ ಮೂರನ್ನೂ ವಿವರಿಸುವ ಚಿತ್ರಗಳು ಸಾಮಾನ್ಯವಾಗಿ ಒಂದೇ ಬಗೆಯವು. ಬರಿದಲೆಯ ವ್ಯಕ್ತಿಯೊಬ್ಬ ಕೋಣೆಯೊಳಗೆ ಕುರ್ಚಿಯ ಮೇಲೆ ಒಬ್ಬನೇ ಕೂತಿರುತ್ತಾನೆ. ನವಲಗುಂದದ ಎರಿಹೊಲಕ್ಕೆ ಬಂದರೆ ಈ ಯಾವುದೂ ಇರುವುದಿಲ್ಲ. ಹಿರಿಯರ ತಲೆಯ ಮೇಲೆ ಪಟಗಾ ಇರುತ್ತದೆ, ಹೆಂಗಸರ ತಲೆಯ ಮೇಲೆ ಸೆರಗು ಇರುತ್ತದೆ, ಕೂರುವುದು ಚಾಪೆಯ ಮೇಲೋ ಕಟ್ಟೆಯ ಮೇಲೋ, ಸುತ್ತ ಹತ್ತು ಮಂದಿ, ಹಿಂದೆ ಅಡೆತಡೆಯೇ ಇಲ್ಲದ ಬಯಲು. ಹೀಗಾಗಿ ಇಲ್ಲಿ ನಿಯಮಗಳನ್ನು ಅವುಗಳ ಕಾರಣ ತಿಳಿದು ಬಳಸಬೇಕಾಗುತ್ತದೆ.

ಈ ಭಾಗದಲ್ಲಿ ಕ್ಯಾಮೆರಾಗಳಿಗೆ ಕೆಲಸ ಕಡಿಮೆಯಿಲ್ಲ. ಮಲಪ್ರಭಾ ನೀರಾವರಿ ಪ್ರದೇಶದ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದಾಗ 1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದದಲ್ಲಿ ನಡೆದ ಬಂಡಾಯ, ಗೋಲಿಬಾರುಗಳ ನೆನಪಿಗೆ ಪ್ರತಿವರ್ಷ ಅದೇ ದಿನ ಹುತಾತ್ಮ ರೈತರ ದಿನ ಆಚರಿಸುತ್ತಾರೆ. 2015ರಿಂದ ಕಳಸಾ-ಬಂಡೂರಿ ಹೋರಾಟವೂ ಇದೇ ಊರುಗಳನ್ನು ಸುದ್ದಿಯಲ್ಲಿ ಇಟ್ಟಿತು. 2011ರಲ್ಲಿ ಭೌಗೋಳಿಕ ಗುರುತು ಪಡೆದ ನವಲಗುಂದದ ಜಮಖಾನೆ, ಕಲಘಟಗಿಯ ಬಣ್ಣದ ತೊಟ್ಟಿಲು, ಕುಂದಗೋಳದ ನಾಡಗೀರ ವಾಡೆಯಲ್ಲಿ ನಡೆಯುವ ಸಂಗೀತೋತ್ಸವ, ಪಂಪನ ಊರೆಂದು ಹೆಸರಾದ ಅಣ್ಣಿಗೇರಿ, ಇವೆಲ್ಲ ಸಾಕ್ಷ್ಯಚಿತ್ರದವರನ್ನು ಕರೆತರುತ್ತವೆ. ಮುಂದಿನ ವಿವರಣೆಗೆ ಇಟ್ಟುಕೊಂಡಿರುವ ಮಾದರಿ ಇಂಥದೇ ಒಂದು. 1980ರ ದಿನಗಳನ್ನು ಕಂಡ, ಪಟಗಾ ಸುತ್ತಿದ ಹಿರಿಯ ರೈತರೊಬ್ಬರ ಸಂದರ್ಶನ, ಮೊದಲು ಅವರ ಮನೆಯ ಪಡಸಾಲೆಯಲ್ಲಿ, ಆಮೇಲೆ ಹೊಲದಲ್ಲಿ.

ಕಣ್ಣಿನಿಂದ ಅಳೆಯುವುದು

ಫ್ರೇಮನ್ನು ಅಡ್ಡ ಎರಡು, ಉದ್ದ ಎರಡು ಗೆರೆಗಳಿಂದ ಒಂಬತ್ತು ಸಮಭಾಗ ಮಾಡಿದರೆ ಮೂರು ಪಾಲಿನ ಜಾಲರಿ ಸಿಗುತ್ತದೆ. ಇಂದಿನ ಬಹುತೇಕ ಫೋನುಗಳ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಗ್ರಿಡ್ ಎಂಬ ಹೆಸರಿನಲ್ಲಿ ಇದೇ ಇರುತ್ತದೆ. ಸಂದರ್ಶನದಲ್ಲಿ ಮಾತಾಡುವವರ ಕಣ್ಣು ಮೇಲಿನ ಅಡ್ಡಗೆರೆಯ ಮೇಲೆ ಅಥವಾ ಅದರ ಆಸುಪಾಸು ಬರಬೇಕು. ಹೆಡ್‌ರೂಮ್ ಎಂಬುದನ್ನು ಬೇರೆಯಾಗಿ ಅಳೆಯುವ ಅಗತ್ಯವೇ ಇಲ್ಲ ಎಂಬುದು ಈ ಲೇಖಕನ ಅಭಿಪ್ರಾಯ. ಕಣ್ಣು ಸರಿಯಾದ ಎತ್ತರಕ್ಕೆ ಬಂದರೆ ತಲೆಯ ಮೇಲಿನ ಜಾಗ ತಾನಾಗಿ ಸರಿಹೋಗುತ್ತದೆ. ಪಟಗಾ ಬಂದಾಗ ಈ ಮಾತಿನ ಪರೀಕ್ಷೆಯಾಗುತ್ತದೆ.

ಲೆಕ್ಕ ಹಾಕಿ ನೋಡೋಣ. ತಲೆಯಿಂದ ಎದೆಯವರೆಗಿನ ಹತ್ತಿರದ ಫ್ರೇಮಿನಲ್ಲಿ, ವ್ಯಕ್ತಿ ಕೂತಲ್ಲಿ ಅಳೆದರೆ, ಮೇಲಿನಿಂದ ಕೆಳಕ್ಕೆ ಸುಮಾರು 60 ಸೆಂ.ಮೀ. ಹಿಡಿಯುತ್ತದೆ. ಕಣ್ಣು ಮೇಲಿನ ಗೆರೆಯ ಮೇಲಿದ್ದರೆ ಅದರ ಮೇಲೆ 20 ಸೆಂ.ಮೀ. ಉಳಿಯುತ್ತದೆ. ಕಣ್ಣಿನಿಂದ ನೆತ್ತಿಗೆ ಸುಮಾರು 12 ಸೆಂ.ಮೀ. ಇರುವುದರಿಂದ ಬರಿದಲೆಯ ಮೇಲೆ 8 ಸೆಂ.ಮೀ. ಗಾಳಿ ಉಳಿದು ನೋಟಕ್ಕೆ ಹಿತವಾಗಿರುತ್ತದೆ. ಅದೇ ತಲೆಗೆ ಹತ್ತು ಸೆಂ.ಮೀ. ಎತ್ತರದ ಪಟಗಾ ಬಂತೆಂದರೆ ಕಣ್ಣಿನಿಂದ ಅದರ ತುದಿಗೆ 22 ಸೆಂ.ಮೀ. ಆಗಿ, ಪಟಗದ ಮೇಲಂಚು ಫ್ರೇಮಿನ ಅಂಚಿಗೆ ತಾಗಿ ತುಸುವೇ ಕತ್ತರಿಸಿಹೋಗುತ್ತದೆ. ಇದೇ ಎಲ್ಲಕ್ಕಿಂತ ಕೆಟ್ಟ ಸ್ಥಿತಿ. ತಲೆ ಅಟ್ಟಕ್ಕೆ ಬಡಿದಂತೆ ಕಾಣುತ್ತದೆ, ಬೇಕೆಂದೇ ಕತ್ತರಿಸಿದ್ದು ಎಂದೂ ಅನ್ನಿಸುವುದಿಲ್ಲ.

ಆಗ ಹೊಸಬರು ಮಾಡುವುದು ಒಂದೇ. ಪಟಗಾ ಪೂರ್ತಿ ಬರಲೆಂದು ಕ್ಯಾಮೆರಾದ ಮೂತಿಯನ್ನು ಮೇಲಕ್ಕೆತ್ತುತ್ತಾರೆ. ಪಟಗದ ಮೇಲೆ ಆರು ಸೆಂ.ಮೀ. ಜಾಗ ಸಿಗುತ್ತದೆ ನಿಜ, ಆದರೆ ಕಣ್ಣು 28 ಸೆಂ.ಮೀ. ಕೆಳಗಿಳಿದು ಹೆಚ್ಚುಕಡಿಮೆ ಫ್ರೇಮಿನ ನಟ್ಟನಡುವೆ ಬರುತ್ತದೆ. ಮುಖ ಕುಸಿದು ಪಟಗವೇ ಮಾತಾಡುವಂತೆ ತೋರುತ್ತದೆ. ಕೆಳಗಿನ ಐದನೇ ಒಂದು ಪಾಲನ್ನು ವಾಹಿನಿಯ ಹೆಸರುಪಟ್ಟಿ ಮತ್ತು ಓಡುವ ಸುದ್ದಿಸಾಲು ಮುಚ್ಚಿದ ಮೇಲಂತೂ ಅಜ್ಜ ಬಾವಿಯೊಳಗೆ ನಿಂತಂತೆ ಆಗುತ್ತದೆ. ಸರಿಯಾದ ದಾರಿ ಮೂತಿ ಎತ್ತುವುದಲ್ಲ, ಫ್ರೇಮನ್ನು ಅಗಲಿಸುವುದು. ಎತ್ತರ 90 ಸೆಂ.ಮೀ.ಗೆ ಬಂದರೆ, ಅಂದರೆ ಸೊಂಟದವರೆಗೆ ಕಾಣುವಂತೆ ಮಾಡಿದರೆ, ಕಣ್ಣಿನ ಮೇಲೆ 30 ಸೆಂ.ಮೀ. ಸಿಕ್ಕು ಪಟಗದ ಮೇಲೂ ಎಂಟು ಸೆಂ.ಮೀ. ಉಳಿಯುತ್ತದೆ. ಕಣ್ಣು ಗೆರೆಯನ್ನು ಬಿಟ್ಟು ಕದಲುವುದಿಲ್ಲ. ಮಾತಾಡುವಾಗ ಕೈ ಆಡಿಸುವವರಿಗೆ, ಈ ಸೀಮೆಯ ರೈತರಲ್ಲಿ ಅಂಥವರೇ ಹೆಚ್ಚು, ಈ ಅಳತೆಯಲ್ಲಿ ಕೈಗೂ ಜಾಗ ಸಿಗುತ್ತದೆ. ಮಾತು ಗಂಭೀರವಾದಾಗ ಹತ್ತಿರ ಹೋಗಬೇಕೆನಿಸಿದರೆ ಧೈರ್ಯವಾಗಿ ಹೋಗಿ, ಪಟಗದ ಅರ್ಧವನ್ನು ಸ್ಪಷ್ಟವಾಗಿ ಕತ್ತರಿಸಬಹುದು. ಕಣ್ಣು ಗೆರೆಯ ಮೇಲಿರುವವರೆಗೆ ನೋಡುವವರಿಗೆ ಅದು ಕೊರತೆಯೆನಿಸುವುದಿಲ್ಲ.

ಪಟಗಾ ಬಿಚ್ಚಿ ಕೂರಿ ಎಂದು ಕೇಳುವುದು ಮಾತ್ರ ಬೇಡ. ಅದು ಅವಮಾನ, ಜೊತೆಗೆ ಆ ವ್ಯಕ್ತಿ ಆಮೇಲೆ ಸಹಜವಾಗಿ ಮಾತಾಡುವುದೂ ಇಲ್ಲ. ಸೆರಗಿನ ವಿಷಯವೂ ಹೀಗೆಯೇ. ಅದು ಎತ್ತರ ಹೆಚ್ಚಿಸುವುದಿಲ್ಲ, ಆದರೆ ಕಣ್ಣಿನ ಮೇಲೆ ನೆರಳು ಚೆಲ್ಲುತ್ತದೆ. ಕ್ಯಾಮೆರಾವನ್ನು ಕಣ್ಣಿಗಿಂತ ಸ್ವಲ್ಪ ಕೆಳಗಿಟ್ಟರೆ ಸೆರಗಿನ ಒಳಗಿನ ಮುಖ ತೆರೆದುಕೊಳ್ಳುತ್ತದೆ.

ಪಡಸಾಲೆಯಲ್ಲಿ

ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ವಯಸ್ಕರ ಕಣ್ಣು ನೆಲದಿಂದ ಸುಮಾರು 70ರಿಂದ 75 ಸೆಂ.ಮೀ. ಎತ್ತರದಲ್ಲಿರುತ್ತದೆ. ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಒಳಗೆ ಸರಿಸಿದರೂ ಕೆಲವು ಅಷ್ಟು ಕೆಳಗೆ ಇಳಿಯುವುದಿಲ್ಲ. ಹಾಗೆಂದು ನಿಂತ ಎತ್ತರದಿಂದಲೇ ಚಿತ್ರಿಸಿದರೆ ಮಾತಾಡುವವರು ಕತ್ತು ಎತ್ತಿ ನೋಡಬೇಕಾಗುತ್ತದೆ, ದೃಶ್ಯದಲ್ಲಿ ಅವರು ಬೇಡುವವರಂತೆ, ನೋಡುವವರು ಸಾಹೇಬರಂತೆ ಆಗಿಬಿಡುತ್ತಾರೆ. ಬರಪರಿಹಾರದ ಸುದ್ದಿಗಳಲ್ಲಿ ಈ ಕೋನ ಎಷ್ಟು ಬಾರಿ ಬಂದುಹೋಗಿದೆಯೆಂದರೆ ಈಗ ಯಾರೂ ಅದನ್ನು ಗಮನಿಸುವುದೇ ಇಲ್ಲ. ಸುಲಭ ಉಪಾಯ ಹಿರಿಯರನ್ನು ಕಟ್ಟೆಯ ಮೇಲೆ ಕೂರಿಸುವುದು. ಎತ್ತರವೂ ಸಿಗುತ್ತದೆ, ಅವರಿಗೆ ಅದು ದಿನದ ಜಾಗವೂ ಹೌದು. ಪ್ಲಾಸ್ಟಿಕ್ ಕುರ್ಚಿ ತರಿಸಿದರೆ ಅದರ ಬೆನ್ನು ಭುಜದ ಮೇಲೆ ಕೆಂಪಾಗಿಯೋ ನೀಲಿಯಾಗಿಯೋ ಇಣುಕುತ್ತದೆ. ತೂಗುಮಂಚ ಇನ್ನೂ ಕಷ್ಟ, ಮಾತಿನ ಉತ್ಸಾಹ ಏರಿದಂತೆ ಮುಖ ಫ್ರೇಮಿನೊಳಗೆ ಹಿಂದೆಮುಂದೆ ತೂಗುತ್ತದೆ.

ಐಲೈನ್ ಎಂದರೆ ಮಾತಾಡುವವರ ಕಣ್ಣಿನಿಂದ ಅವರು ನೋಡುತ್ತಿರುವುದರ ವರೆಗಿನ ಕಾಣದ ಗೆರೆ. ಅವರು ಲೆನ್ಸನ್ನು ನೋಡದೆ ಅದರ ಪಕ್ಕದಲ್ಲಿ ಕೂತ ಪ್ರಶ್ನೆ ಕೇಳುವವರನ್ನು ನೋಡುವುದು ರೂಢಿ. ಇಲ್ಲಿ ಕೋನವೇ ಮುಖ್ಯ. ಕ್ಯಾಮೆರಾ ಎರಡು ಮೀಟರ್ ದೂರದಲ್ಲಿದ್ದು, ಕೇಳುವವರ ತಲೆ ಲೆನ್ಸಿನ ಪಕ್ಕದಲ್ಲೇ 40 ಸೆಂ.ಮೀ. ಸರಿದಿದ್ದರೆ ನೋಟ ಲೆನ್ಸಿನಿಂದ ಸುಮಾರು 11 ಡಿಗ್ರಿ ಆಚೆ ಹೋಗುತ್ತದೆ. ಎರಡೂ ಕಣ್ಣು ಚೆನ್ನಾಗಿ ಕಾಣುತ್ತವೆ, ಮಾತು ಯಾರಿಗೋ ಹೇಳುತ್ತಿರುವುದೆಂದೂ ತಿಳಿಯುತ್ತದೆ. ಅದೇ ಒಂದು ಮೀಟರ್ ಸರಿದು ಕೂತರೆ ಕೋನ 26 ಡಿಗ್ರಿ ದಾಟಿ ಆಚೆಯ ಕಣ್ಣು ಮೂಗಿನ ಮರೆಗೆ ಸರಿಯತೊಡಗುತ್ತದೆ. ಕಿವಿ ಮಂದವಾದ ಅಜ್ಜನಿಗೆ ಕೇಳಿಸಲೆಂದು ಮುಂದೆ ಸರಿದು ಕೂರುವವರೂ ಎಚ್ಚರದಿಂದಿರಬೇಕು. ಪಕ್ಕದ 40 ಸೆಂ.ಮೀ. ಅಷ್ಟೇ ಇದ್ದರೂ ಅಜ್ಜನಿಂದ 1.2 ಮೀಟರ್ ದೂರಕ್ಕೆ ಬಂದರೆ ಕೋನ 18 ಡಿಗ್ರಿಗೆ ಏರುತ್ತದೆ. ಮುಂದೆ ಬಂದಷ್ಟೂ ಲೆನ್ಸಿನ ಕಡೆಗೆ ಒತ್ತರಿಸಿಕೊಳ್ಳಬೇಕು.

ನೋಟ ಹೋಗುವ ಕಡೆ ಹೆಚ್ಚು ಜಾಗ ಬಿಡುವುದು ಮೂರು ಪಾಲಿನ ನಿಯಮದ ಇನ್ನೊಂದು ಮಗ್ಗುಲು. ಇದಕ್ಕೆ ಲುಕ್‌ರೂಮ್ ಎನ್ನುತ್ತಾರೆ. ಅಜ್ಜ ಫ್ರೇಮಿನ ಬಲಕ್ಕೆ ನೋಡುತ್ತಿದ್ದರೆ ಅವರ ಮುಖ ಎಡಗಡೆಯ ಉದ್ದಗೆರೆಯ ಮೇಲೆ ಬರಬೇಕು. 90 ಸೆಂ.ಮೀ. ಎತ್ತರದ ಫ್ರೇಮ್ 160 ಸೆಂ.ಮೀ. ಅಗಲ ಇರುತ್ತದೆ; ಎಡಕ್ಕೆ ಸುಮಾರು 53, ಮುಂದೆ 107. ಇದನ್ನು ತಿರುಗಾಮುರುಗಾ ಮಾಡಿದರೆ ಮೂಗು ಗೋಡೆಗೆ ತಾಗಿ ಬೆನ್ನ ಹಿಂದೆ ಖಾಲಿ ಬಿದ್ದು, ಹಿಂದಿನಿಂದ ಯಾರೋ ಬರುವವರಿದ್ದಾರೆ ಎಂಬ ಅನುಮಾನ ಹುಟ್ಟುತ್ತದೆ. ಸಿನಿಮಾದವರು ಬೇಕೆಂದೇ ಬಳಸುವ ಈ ಯುಕ್ತಿ ರೈತನ ಸಂದರ್ಶನದಲ್ಲಿ ಅಸಂಬದ್ಧ.

ಪಡಸಾಲೆಯ ಬೆಳಕು ಬರುವುದು ಮುಂಬಾಗಿಲಿನಿಂದ ಮತ್ತು ಮಾಳಿಗೆಯ ಬೆಳಕಿಂಡಿಯಿಂದ. ಬಾಗಿಲನ್ನು ಬೆನ್ನಿಗೆ ಹಾಕಿ ಕೂರಿಸಿದರೆ ಮುಖ ಕಪ್ಪಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಕೇಳುವವರು ಎಲ್ಲಿ ಕೂರುತ್ತಾರೆ ಎಂಬುದೂ ಬೆಳಕಿನ ಪ್ರಶ್ನೆಯೇ ಎಂಬುದು ಬೇಗ ಹೊಳೆಯುವುದಿಲ್ಲ. ಕೇಳುವವರು ಕ್ಯಾಮೆರಾಕ್ಕೂ ಬಾಗಿಲಿಗೂ ನಡುವೆ ಕೂತರೆ ಅಜ್ಜನ ಮುಖ ಅವರ ಕಡೆಗೆ, ಅಂದರೆ ಬೆಳಕಿನ ಕಡೆಗೇ ತಿರುಗುತ್ತದೆ. ಕ್ಯಾಮೆರಾದ ಕಡೆಯ ಕೆನ್ನೆಯ ಮೇಲೆ ನವಿರಾದ ನೆರಳು ಬಿದ್ದು ಮುಖದ ಸುಕ್ಕುಗಳು ಎದ್ದು ಕಾಣುತ್ತವೆ. ಒಂದೇ ಜಾಗದ ಆಯ್ಕೆಯಿಂದ ನೋಟ, ಲುಕ್‌ರೂಮ್, ಬೆಳಕು ಮೂರೂ ಒಂದೇ ದಿಕ್ಕಿಗೆ ಬರುತ್ತವೆ.

ಇನ್ನು ಮಂದಿಯ ವಿಷಯ. ಹಳ್ಳಿಯಲ್ಲಿ ಒಬ್ಬರೇ ಕೂತು ಮಾತಾಡುವುದು ಅಪರೂಪ. ಕ್ಯಾಮೆರಾ ಬಂತೆಂದರೆ ಓಣಿಯೇ ಬರುತ್ತದೆ. ಅಜ್ಜ ಹಳೆಯ ಸಂಗತಿ ಹೇಳುತ್ತ ಹೇಳುತ್ತ ಪಕ್ಕದವನತ್ತ ತಿರುಗಿ “ಹೌದಲ್ಲೋ?” ಎಂದು ಸಾಕ್ಷಿ ಕೇಳುತ್ತಾರೆ. ಜನ ಹಿಂದೆ ನಿಂತಿದ್ದರೆ ಹಾಗೆ ತಿರುಗಿದ ಅಜ್ಜನ ಮುಖ ಪೂರ್ತಿ ಮರೆಯಾಗುತ್ತದೆ, ನಿಂತವರು ಲೆನ್ಸನ್ನೇ ದಿಟ್ಟಿಸಿ ನೋಡುಗರ ಕಣ್ಣನ್ನೂ ಎಳೆದುಕೊಳ್ಳುತ್ತಾರೆ. ಜನರನ್ನು ಓಡಿಸುವುದು ಆಗದ ಕೆಲಸ, ಸೌಜನ್ಯವೂ ಅಲ್ಲ. ಅವರನ್ನೆಲ್ಲ ಕೇಳುವವರ ಬೆನ್ನಹಿಂದೆ ಕೂರಿಸಿದರೆ ಸಾಕು. ಅಜ್ಜ ಯಾರನ್ನು ಸಾಕ್ಷಿ ಕೇಳಿದರೂ ನೋಟ ಅದೇ ಕಡೆ ಉಳಿಯುತ್ತದೆ, ಜೊತೆಗೆ ಮಾತು ಕೇಳುವ ಮಂದಿ ಇರುವುದರಿಂದ ದನಿಯಲ್ಲೂ ಕಳೆ ಬರುತ್ತದೆ. ಎಲ್ಲಿ ನೋಡಬೇಕೆಂದು ತಿಳಿಯದೆ ತಡಬಡಿಸುವವರಿಗೆ ಉದ್ದ ಸೂಚನೆ ಕೊಡುವುದಕ್ಕಿಂತ “ಅಜ್ಜಾರ, ಆ ಡಬ್ಬಿ ನೋಡಬ್ಯಾಡ್ರಿ, ನನ್ನ ಮಾರಿ ನೋಡಿ ಹೇಳ್ರಿ” ಎಂದರೆ ಮುಗಿಯಿತು. ಹರೆಯದ ಸೊಸೆಯನ್ನು ಅಪರಿಚಿತ ಗಂಡಸು ಪ್ರಶ್ನೆ ಕೇಳಿದರೆ ನೋಟ ನೆಲಕ್ಕಿಳಿಯುತ್ತದೆ. ಅದನ್ನು ಕ್ಯಾಮೆರಾದಿಂದ ಸರಿಪಡಿಸಲಾಗದು, ಹೆಣ್ಣುಮಗಳೊಬ್ಬಳು ಕೇಳುವ ಜಾಗದಲ್ಲಿ ಕೂರಬೇಕು.

ಎರಿಹೊಲದ ಕ್ಷಿತಿಜ

ಮೂರು ಪಾಲಿನ ನಿಯಮಕ್ಕೆ ಆ ಹೆಸರು ಕೊಟ್ಟವನು ಇಂಗ್ಲೆಂಡಿನ ಚಿತ್ರಕಾರ ಜಾನ್ ಥಾಮಸ್ ಸ್ಮಿತ್, 1797ರ ತನ್ನ ಪುಸ್ತಕದಲ್ಲಿ. ಅವನ ಮನಸ್ಸಿನಲ್ಲಿದ್ದದ್ದು ಮನುಷ್ಯರ ಮುಖವಲ್ಲ, ಗ್ರಾಮೀಣ ಭೂದೃಶ್ಯ. ನೆಲ, ಬಾನುಗಳು ಚಿತ್ರವನ್ನು ಅರ್ಧರ್ಧ ಹಂಚಿಕೊಳ್ಳದೆ ಒಂದಕ್ಕೆ ಒಂದು ಪಾಲು, ಇನ್ನೊಂದಕ್ಕೆ ಎರಡು ಪಾಲು ಸಿಗಬೇಕೆಂಬುದು ಅವನ ವಾದ. ಮುಖಕ್ಕೆ ಈ ನಿಯಮ ಅಂಟಿಕೊಂಡದ್ದು ಆಮೇಲೆ. ನವಲಗುಂದ, ಅಣ್ಣಿಗೇರಿಗಳ ಬಯಲಿನಲ್ಲಿ ನೆಲಬಾನುಗಳ ಗೆರೆಯೂ ಮನುಷ್ಯನ ಕಣ್ಣೂ ಒಂದೇ ಫ್ರೇಮಿನಲ್ಲಿ ಜಾಗ ಕೇಳುತ್ತವೆ.

ಸಮತಟ್ಟು ನೆಲದಲ್ಲಿ ಕ್ಷಿತಿಜ ಯಾವಾಗಲೂ ಕ್ಯಾಮೆರಾದ ಎತ್ತರದಲ್ಲೇ ಕಾಣುತ್ತದೆ. ಕ್ಯಾಮೆರಾವನ್ನು ಅಜ್ಜನ ಕಣ್ಣಿನ ಮಟ್ಟಕ್ಕೆ ಇಟ್ಟರೆ, ಮೂತಿ ಎತ್ತಿದರೂ ತಗ್ಗಿಸಿದರೂ, ಕ್ಷಿತಿಜ ಅವರ ಕಣ್ಣನ್ನೇ ಹಾದುಹೋಗುತ್ತದೆ. ಕಿವಿಯಿಂದ ಕಿವಿಗೆ ಗೆರೆ ಎಳೆದಂತೆ. ಮೂತಿಯನ್ನು ನೇರ ಹಿಡಿದು, ಕಣ್ಣು ಮೇಲಿನ ಗೆರೆಗೆ ಬರುವಂತೆ ಕ್ಯಾಮೆರಾ ಇಳಿಸಿದರೆ ಕ್ಷಿತಿಜ ಫ್ರೇಮಿನ ನಡುವೆ ಬರುತ್ತದೆ. ಆದರೆ 90 ಸೆಂ.ಮೀ. ಫ್ರೇಮಿನಲ್ಲಿ ನಡುವೆಂದರೆ ಕಣ್ಣಿನಿಂದ 15 ಸೆಂ.ಮೀ. ಕೆಳಗೆ. ಗಲ್ಲ ಇರುವುದು ಸುಮಾರು 12 ಸೆಂ.ಮೀ. ಕೆಳಗೆ. ಅಂದರೆ ಗೆರೆ ಸರಿಯಾಗಿ ಕುತ್ತಿಗೆಯನ್ನು ಕೊಯ್ಯುತ್ತದೆ. ಕೈಪಿಡಿಯ ನಿಯಮವನ್ನು ತಪ್ಪದೆ ಪಾಲಿಸಿದವರ ಹೊಲದ ದೃಶ್ಯಗಳಲ್ಲಿ ತಲೆ ಬೇರೆ, ಮುಂಡ ಬೇರೆ ಕಾಣುವುದಕ್ಕೆ ಕಾರಣ ಇದೇ.

ಪರಿಹಾರ ಎರಡು ನಿಯಮಗಳನ್ನೂ ಒಟ್ಟಿಗೆ ಕೂಡಿಸುವುದರಲ್ಲಿದೆ. ಕಣ್ಣು ಮೇಲಿನ ಗೆರೆಯ ಮೇಲಿರಲಿ, ಕ್ಷಿತಿಜ ಕೆಳಗಿನ ಗೆರೆಯ ಮೇಲಿರಲಿ. ಆ ಎರಡು ಗೆರೆಗಳ ನಡುವಿನ ಅಂತರ 30 ಸೆಂ.ಮೀ., ಆದ್ದರಿಂದ ಕ್ಯಾಮೆರಾವನ್ನು ಅಜ್ಜನ ಕಣ್ಣಿಗಿಂತ 30 ಸೆಂ.ಮೀ. ಕೆಳಗೆ, ಎದೆಯ ಮಟ್ಟಕ್ಕೆ ಇಟ್ಟು ಮೂತಿಯನ್ನು ತುಸು ಎತ್ತಬೇಕು. ಎರಡೂಕಾಲು ಮೀಟರ್ ದೂರದಿಂದ ಈ ಏರಿಕೆ ನಾಲ್ಕು ಡಿಗ್ರಿಯನ್ನೂ ಮುಟ್ಟುವುದಿಲ್ಲ, ಹಾಗಾಗಿ ಮೂಗಿನ ಹೊಳ್ಳೆ ಕಾಣುವಷ್ಟು ಕೆಳಗಿನಿಂದ ನೋಡಿದಂತೆ ಆಗುವುದಿಲ್ಲ. ಗೆರೆ ಎದೆಯನ್ನು ಹಾದುಹೋಗುತ್ತದೆ, ತಲೆ ಪೂರ್ತಿ ಬಾನಿನಲ್ಲಿ ಬಿಡುವಾಗಿ ನಿಲ್ಲುತ್ತದೆ.

ಇದರಿಂದ ಹುಟ್ಟುವ ಹೊಸ ತೊಂದರೆ ಬೆಳಕಿನದು. ಜುಲೈ ತಿಂಗಳ ಮೋಡದ ಬಾನು ಮುಖಕ್ಕಿಂತ ಎಷ್ಟೋ ಪಟ್ಟು ಬೆಳ್ಳಗಿರುತ್ತದೆ. ಕ್ಯಾಮೆರಾವನ್ನು ಆಟೋದಲ್ಲಿ ಬಿಟ್ಟರೆ ಅದು ಬಾನನ್ನು ಉಳಿಸಿ ಮುಖವನ್ನು ಕಪ್ಪು ಮಾಡುತ್ತದೆ. ಫೋನಿನಲ್ಲಾದರೆ ಪರದೆಯ ಮೇಲೆ ಮುಖವನ್ನು ಒತ್ತಿ ಹಿಡಿದು ಬೆಳಕನ್ನು ಲಾಕ್ ಮಾಡಬೇಕು. ಎರಿಮಣ್ಣು ಬೆಳಕನ್ನು ನುಂಗುವ ನೆಲ. ಮರಳಿನಂತೆ, ಸುಣ್ಣದ ಅಂಗಳದಂತೆ ಕೆಳಗಿನಿಂದ ಮುಖಕ್ಕೆ ಬೆಳಕು ಹಿಂದಿರುಗಿಸುವುದಿಲ್ಲ, ಹಾಗಾಗಿ ಪಟಗದ ಕೆಳಗಿನ ನೆರಳು ಇಲ್ಲಿ ಇನ್ನಷ್ಟು ಗಾಢ. ಫ್ರೇಮಿನ ಕೆಳಗೆ ಕಾಣದಂತೆ ಬಿಳಿ ಧೋತರವೊಂದನ್ನು ನೆಲದ ಮೇಲೆ ಹಾಸಿದರೆ ಕಣ್ಣಿನ ಗುಳಿಗೆ ಬೆಳಕು ಬರುತ್ತದೆ.

ಬಾನು ಬೇಡವೆಂದರೆ ಕ್ಯಾಮೆರಾವನ್ನು ಬದುವಿನ ಮೇಲಿಟ್ಟು ಅಜ್ಜನನ್ನು ಹೊಲದೊಳಗೆ ನಿಲ್ಲಿಸಬಹುದು. ಕ್ಯಾಮೆರಾ ಅವರ ಕಣ್ಣಿಗಿಂತ 30 ಸೆಂ.ಮೀ. ಮೇಲಾದರೆ ಕ್ಷಿತಿಜ ಫ್ರೇಮಿನ ಮೇಲಂಚಿಗೆ ಸರಿದು ತಲೆಯ ಹಿಂದೆ ಬೆಳೆ ಬರುತ್ತದೆ. ಸ್ವಲ್ಪ ಮೇಲಿನಿಂದ ನೋಡಿದಂತಾಗುವುದು ಇದರ ಬೆಲೆ. ಹಂಗಾಮೂ ಇಲ್ಲಿ ಮಾತಾಡುತ್ತದೆ. ಮುಂಗಾರಿನ ಹೆಸರು ಮತ್ತು ಹಿಂಗಾರಿನ ಕಡಲೆ ಮೊಣಕಾಲು ದಾಟದ್ದರಿಂದ ಏನನ್ನೂ ಮರೆಮಾಡವು. ಆಳೆತ್ತರ ಬೆಳೆದ ಬಿಳಿಜೋಳ ಹಿಂದಿದ್ದರೆ ಕ್ಷಿತಿಜದ ಚಿಂತೆಯೇ ಇಲ್ಲ. ಬೆಳೆ ಇಲ್ಲದ ಕಾಲದಲ್ಲಿ ಬಣವೆಯನ್ನೋ ನಿಂತ ಚಕ್ಕಡಿಯನ್ನೋ ಮೂರು ನಾಲ್ಕು ಮೀಟರ್ ಹಿಂದೆ ಬರುವಂತೆ ಮಾಡಿದರೆ ಅದೇ ಕೆಲಸವಾಗುತ್ತದೆ. ಚಕ್ಕಡಿಯ ಮೂಕಿ ಮಾತ್ರ ಪಟಗದಿಂದ ಹೊರಬಂದ ಕೊಂಬಿನಂತೆ ಕಾಣದಿರಲಿ.

ಉಳಿದ ತಾಲೂಕುಗಳು

ಕಲಘಟಗಿ ಮಲೆನಾಡಿನ ಸೆರಗು. ಅಲ್ಲಿ ಗಿಡಮರ, ಗುಡ್ಡಗಳು ಕ್ಷಿತಿಜವನ್ನು ಮುಚ್ಚುತ್ತವೆ, ಬದಲಿಗೆ ಎಲೆಗಳ ನಡುವಿನ ಬಿಸಿಲು ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ. ಹೆಂಚಿನ ಮನೆಯ ತಗ್ಗಿದ ಸೂರಿನ ಅಂಚಿನೊಳಗೆ ಕೂರಿಸಿದರೆ ಬೆಳಕು ಹದವಾಗಿರುತ್ತದೆ. ಅಣ್ಣಿಗೇರಿಯ ಅಮೃತೇಶ್ವರ ಗುಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಕಂಬಗಳ ಸಾಲು ಅಂದವಾದ ಹಿನ್ನೆಲೆ. ಕಂಬವೊಂದು ತಲೆಯ ನೇರ ಹಿಂದೆ ಬರಕೂಡದು, ಖಾಲಿ ಬಿಟ್ಟ ಉದ್ದಗೆರೆಯ ಮೇಲೆ ಬಂದರೆ ಮುಖಕ್ಕೆ ಎದುರು ತೂಕವಾಗುತ್ತದೆ. ಕ್ಯಾಮೆರಾ ಒಂದೆರಡು ಡಿಗ್ರಿ ವಾಲಿದರೂ ಕಂಬಗಳು ಅದನ್ನು ತಕ್ಷಣ ಬಯಲು ಮಾಡುತ್ತವೆ. ನವಲಗುಂದದ ಜಮಖಾನೆ ನೇಯುವ ಹೆಂಗಸರು ಲಂಬವಾಗಿ ನಿಂತ ಮಗ್ಗದ ಎದುರು ಕೂರುವುದರಿಂದ ಕೆಲಸದ ಭಂಗಿಯಲ್ಲಿ ಮುಖ ಕಾಣುವುದಿಲ್ಲ. ಮಾತಿಗೆ ಅವರನ್ನು ಮಗ್ಗದಿಂದ ಒಂದೂವರೆ ಎರಡು ಮೀಟರ್ ಮುಂದೆ ಕರೆತಂದರೆ ಜಮಖಾನೆಯ ಗಾಢ ವಿನ್ಯಾಸ ಹಿಂದೆ ಮಸುಕಾಗಿ ನಿಲ್ಲುತ್ತದೆ. ಸವಾಯಿ ಗಂಧರ್ವರ ಊರಾದ ಕುಂದಗೋಳದಲ್ಲಿ ಗಾಯಕರನ್ನು ತಂಬೂರಿಯೊಂದಿಗೆ ಕೂರಿಸುವ ಆಸೆ ಸಹಜ. ಅದರ ದಂಡ ಕಿವಿಯ ಪಕ್ಕದಲ್ಲೇ ಮೇಲೇರಿ ಫ್ರೇಮಿನ ಆಚೆ ಹೋಗುತ್ತದೆ, ಹಾಗಾಗಿ ನೋಟ ದಂಡದ ವಿರುದ್ಧ ಬದಿಗೆ ಇರುವಂತೆ ಕೇಳುವವರು ಜಾಗ ಹಿಡಿಯಬೇಕು.

ಫೋನಿನಲ್ಲಿ

ಈಗ ಹಳ್ಳಿಯ ಬಹುಪಾಲು ಸಂದರ್ಶನಗಳು ಫೋನಿನಲ್ಲೇ ಆಗುತ್ತವೆ. ಅದರ ಮುಖ್ಯ ಲೆನ್ಸು ಅಗಲ ನೋಟದ್ದು. ಅದರಿಂದ 90 ಸೆಂ.ಮೀ. ಫ್ರೇಮ್ ಬೇಕೆಂದರೆ ಸುಮಾರು 1.15 ಮೀಟರ್‌ಗೆ ಹೋಗಬೇಕು, 60 ಸೆಂ.ಮೀ.ಗೆ ಇನ್ನೂ ಹತ್ತಿರ. ಆಗ ಮೂಗು ದಪ್ಪಗಾಗಿ ಕಿವಿಗಳು ಹಿಂದೆ ಸರಿಯುತ್ತವೆ. ಎರಡು ಪಟ್ಟು ಹಿಗ್ಗಿಸುವ ಲೆನ್ಸಿದ್ದರೆ ಅದೇ ಫ್ರೇಮ್ 2.3 ಮೀಟರ್‌ನಿಂದ ಸಿಕ್ಕು ಮುಖ ಇದ್ದಂತೆಯೇ ಕಾಣುತ್ತದೆ. ಆದರೆ ಫೋನಿನ ಮೈಕು ಅಷ್ಟು ದೂರದ ಮಾತನ್ನು ಗಾಳಿಯಲ್ಲಿ ಹಿಡಿಯಲಾರದು, ಅಂಗಿಗೆ ಸಿಕ್ಕಿಸುವ ಮೈಕು ಬೇಕಾಗುತ್ತದೆ.

ಫೋನನ್ನು ನಿಲ್ಲಿಸಿ ಹಿಡಿದು ಚಿತ್ರಿಸಿದಾಗ ಲೆಕ್ಕ ಬದಲಾಗುತ್ತದೆ. 90 ಸೆಂ.ಮೀ. ಎತ್ತರಕ್ಕೆ ಅಗಲ ಕೇವಲ 51 ಸೆಂ.ಮೀ., ಭುಜಗಳೇ ಅದನ್ನು ತುಂಬಿಬಿಡುತ್ತವೆ. ಲುಕ್‌ರೂಮಿಗೆ ಜಾಗವಿಲ್ಲ. ಮುಖವನ್ನು ಉದ್ದಗೆರೆಗೆ ಒತ್ತಿದರೆ ಒಂದು ಭುಜ ಕತ್ತರಿಸಿಹೋಗುತ್ತದೆ. ಹಾಗಾಗಿ ಅಡ್ಡಲಾಗಿ ಮುಖವನ್ನು ನಡುವೆಯೇ ಇಟ್ಟು, ಕಣ್ಣನ್ನು ಮಾತ್ರ ಮೇಲಿನ ಗೆರೆಯ ಮೇಲೆ ಉಳಿಸಿಕೊಂಡು, ಕೇಳುವವರು ಫೋನಿಗೆ ಕೆನ್ನೆ ತಾಗುವಷ್ಟು ಹತ್ತಿರ ಕೂರಬೇಕು. ಫ್ರೇಮಿನ ಕೆಳಭಾಗ ಮತ್ತು ಬಲಗಡೆಯ ಅಂಚಿನಲ್ಲಿ ಆ್ಯಪ್‌ಗಳ ಗುಂಡಿಗಳು, ಬರಹಗಳು ಬರುವುದರಿಂದ ಮಾತಿನೊಂದಿಗೆ ತೋರಿಸಬೇಕಾದ ಕೈಕೆಲಸವನ್ನು, ತೊಟ್ಟಿಲಿನ ಮೇಲಿನ ಚಿತ್ರವನ್ನೋ ಜಮಖಾನೆಯ ನವಿಲನ್ನೋ, ಎದೆಯ ಮಟ್ಟಕ್ಕೆ ಎತ್ತಿ ಹಿಡಿಯಲು ಹೇಳಬೇಕಾಗುತ್ತದೆ.

ಜಾಗ ಬಿಟ್ಟು ಏಳುವ ಮೊದಲು ಒಂದು ನಿಮಿಷದ ತುಣುಕನ್ನು ದನಿ ತೆಗೆದು ನೋಡುವುದು ವಾಡಿಕೆ. ಮಾತು ಕೇಳಿಸದಿದ್ದಾಗ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಅದು ಮುಖ ಬಿಟ್ಟು ಗೋಡೆಯ ಕ್ಯಾಲೆಂಡರಿಗೋ ಬಾಗಿಲಿನಲ್ಲಿ ಇಣುಕುವ ಹುಡುಗನಿಗೋ ಹೋದರೆ ಫ್ರೇಮ್ ಇನ್ನೂ ಸರಿಯಾಗಿಲ್ಲ. ಹತ್ತಿರದ ಮತ್ತು ದೂರದ ಎರಡು ಅಳತೆಯಲ್ಲಿ ಚಿತ್ರಿಸಿದ್ದರೆ ಅವೆರಡನ್ನೂ ಒಂದರ ಮೇಲೊಂದು ನಿಲ್ಲಿಸಿ ಹೋಲಿಸಬೇಕು. ಕಣ್ಣಿನ ಎತ್ತರ ಎರಡರಲ್ಲೂ ಒಂದೇ ಇದ್ದರೆ ಸಂಕಲನದಲ್ಲಿ ಒಂದರಿಂದ ಇನ್ನೊಂದಕ್ಕೆ ಹಾರಿದ್ದು ಗೊತ್ತಾಗುವುದಿಲ್ಲ, ನಾಲ್ಕು ಬೆರಳು ಏರುಪೇರಾಗಿದ್ದರೂ ಅಜ್ಜ ಮಾತಿನ ನಡುವೆ ಕುಪ್ಪಳಿಸಿದಂತೆ ಕಾಣುತ್ತದೆ.